ಒಂದೇ ಉಪಕಾಲುವೆಯ ಅಧ್ಯಯನ: 384 ರೈತರ ಮಾದರಿ ಏಕಿಲ್ಲ ಎಂಬ ಪ್ರಶ್ನೆಗೆ ವಿಧಾನದ ಅಧ್ಯಾಯದಲ್ಲಿ ಏನೆಂದು ಬರೆಯಬೇಕು?

ಕೊನೆಭಾಗದವಳು (ಮಾನ್ವಿ)

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರು ಹಂಚಿಕೆ ಹೇಗೆ ನಡೆಯುತ್ತದೆ ಎಂಬ ವಿಷಯದ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ನಾಟಿಯಾದ ಮೇಲೆ ಮಾನ್ವಿ, ಸಿರವಾರ, ರಾಯಚೂರಿನ ಹೊಲಗಳಿಗೆ ಎಷ್ಟು ನೀರು ಉಳಿಯುತ್ತದೆ ಎಂಬುದು ಈ ಭಾಗದವರಿಗೆ ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ನಾನು ಪಟ್ಟಿ ಮಾಡಿಕೊಂಡ 17 ಉಪಕಾಲುವೆಗಳ ಪೈಕಿ ಒಂದರಲ್ಲಿ ಮಾತ್ರ, ಬಹುಪಾಲು ಸರದಿಗಳಲ್ಲಿ, ಕೊನೆಯ ತೂಬಿನವರೆಗೂ ನೀರು ಬರುತ್ತದೆ. ಅಲ್ಲಿನ ನೀರು ಬಳಕೆದಾರರ ಸಂಘವು ಪ್ರತಿ ಸರದಿಯಲ್ಲಿ ನಾಲ್ಕು ರಾತ್ರಿ ಮೇಲ್ಭಾಗದ ತೂಬುಗಳನ್ನು ಮುಚ್ಚಿಸುತ್ತದೆ. ಅದನ್ನು ನೋಡಿಕೊಳ್ಳುವ ನೀರಗಂಟಿಗೆ ಮೇಲಿನವರೂ ಕೆಳಗಿನವರೂ ಎಕರೆ ಲೆಕ್ಕದಲ್ಲಿ ಹಣ ಕೊಡುತ್ತಾರೆ. ನಾನು ಆ ಒಂದು ಉಪಕಾಲುವೆಯನ್ನೇ ಹದಿನಾಲ್ಕು ತಿಂಗಳಿನಿಂದ ಅಧ್ಯಯನ ಮಾಡುತ್ತಿದ್ದೇನೆ.

ಕಳೆದ ತಿಂಗಳ ಸಮಿತಿ ಸಭೆಯಲ್ಲಿ ಒಬ್ಬ ಸದಸ್ಯರು, "ಒಂದೇ ಕಾಲುವೆಯಿಂದ ಏನು ಸಾಬೀತಾಗುತ್ತದೆ? 384 ರೈತರಿಗೆ ಪ್ರಶ್ನಾವಳಿ ಕೊಡಿ, ಇಲ್ಲವೇ ಒಂದನ್ನೇ ಏಕೆ ಆರಿಸಿದಿರಿ ಎಂದು ವಿಧಾನದ ಅಧ್ಯಾಯದಲ್ಲಿ ಸಮರ್ಥಿಸಿ" ಎಂದರು. ಸದ್ಯಕ್ಕೆ ನಾನು ಬರೆದಿರುವುದು ಇಷ್ಟು: "ಸಮಯ ಮತ್ತು ಸಂಪನ್ಮೂಲಗಳ ಮಿತಿಯಿಂದಾಗಿ ಒಂದೇ ಪ್ರಕರಣವನ್ನು ಆಯ್ದುಕೊಳ್ಳಲಾಗಿದೆ. ಪ್ರಕರಣ ಅಧ್ಯಯನವು ವಿಷಯದ ಬಗ್ಗೆ ಆಳವಾದ ಒಳನೋಟವನ್ನು ನೀಡುತ್ತದೆ." ಇದು ಸಾಲದು ಎಂದು ನನಗೂ ಅನಿಸುತ್ತಿದೆ. ಆದರೆ ಏನು ಸೇರಿಸಬೇಕೆಂದು ತೋಚುತ್ತಿಲ್ಲ.

ಗುಣಾತ್ಮಕ ಸಂಶೋಧಕ (ಕೊಪ್ಪಳ)

ಮೇಡಂ, ನೀವು ಅನಗತ್ಯವಾಗಿ ಹೆದರುತ್ತಿದ್ದೀರಿ. ನಿಮ್ಮದು ಗುಣಾತ್ಮಕ ಅಧ್ಯಯನ. ಮಾದರಿಯ ಗಾತ್ರದ ಪ್ರಶ್ನೆ ಪರಿಮಾಣಾತ್ಮಕ ಅಧ್ಯಯನಕ್ಕೆ ಸೇರಿದ್ದು, ಅದು ನಿಮಗೆ ಅನ್ವಯಿಸುವುದೇ ಇಲ್ಲ. "ಈ ಅಧ್ಯಯನದ ಉದ್ದೇಶ ಸಾಮಾನ್ಯೀಕರಣವಲ್ಲ" ಎಂಬ ಒಂದು ವಾಕ್ಯವನ್ನು ಸೇರಿಸಿ, ಅಲ್ಲಿಗೆ ಮುಗಿಯಿತು. ನನ್ನ ಪ್ರಬಂಧದಲ್ಲಿಯೂ ಹಾಗೆಯೇ ಬರೆದಿದ್ದೆ, ಮೌಖಿಕ ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ.

ಅಂಕಿಸಂಖ್ಯೆ ಮೇಷ್ಟ್ರು (ಬಳ್ಳಾರಿ)

ಯಾರೂ ಕೇಳಲಿಲ್ಲ ಎಂಬುದು ಸಮರ್ಥನೆಯಲ್ಲ. ಮೊದಲು ಈ 384 ಎಲ್ಲಿಂದ ಬಂತು ಎಂಬುದನ್ನು ನೋಡೋಣ, ಏಕೆಂದರೆ ನಮ್ಮ ಕಡೆಯ ಪ್ರಬಂಧಗಳಲ್ಲಿ ಇದು ಮಂತ್ರದ ಹಾಗೆ ಬಳಕೆಯಾಗುತ್ತಿದೆ. ಲೆಕ್ಕ ಇಷ್ಟೇ:

```
n = z²pq / e²
  = (1.96² × 0.5 × 0.5) / 0.05²
  = 384.16
```

ಒಂದು ದೊಡ್ಡ ಜನಸಮೂಹದಲ್ಲಿ ಎಷ್ಟು ಪಾಲು ಜನರಿಗೆ ಒಂದು ಗುಣವಿದೆ ಎಂಬುದನ್ನು, ಶೇ. 95ರ ವಿಶ್ವಾಸದ ಮಟ್ಟದಲ್ಲಿ, ಶೇ. 5ರಷ್ಟು ಆಚೀಚೆ ಅಂದಾಜು ಮಾಡಲು ಸರಳ ಯಾದೃಚ್ಛಿಕ ಮಾದರಿಯಲ್ಲಿ ಬೇಕಾಗುವ ಸಂಖ್ಯೆ ಇದು. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಪ್ರಕಟಿಸಿದ ಕೋಷ್ಟಕದಿಂದ ಹೆಚ್ಚಿನವರು ಇದನ್ನು ಎತ್ತಿಕೊಳ್ಳುತ್ತಾರೆ. "ಕೊನೆಭಾಗದ ರೈತರಲ್ಲಿ ಶೇಕಡ ಎಷ್ಟು ಮಂದಿಗೆ ಸಕಾಲದಲ್ಲಿ ನೀರು ಸಿಗುತ್ತದೆ" ಎಂಬುದು ಈ ತಂಗಿಯ ಪ್ರಶ್ನೆಯಾಗಿದ್ದರೆ ಸಮಿತಿಯ ಸದಸ್ಯರ ಮಾತು ಸರಿಯಾಗಿತ್ತು. ಆಕೆಯ ಪ್ರಶ್ನೆ ಅದಲ್ಲವೆಂದು ತೋರುತ್ತದೆ.

ಇನ್ನೊಂದು ಸಂಗತಿ. ನೀರು ತಲುಪುವುದು ಅಥವಾ ತಲುಪದಿರುವುದು ಉಪಕಾಲುವೆಯ ಗುಣ, ಒಬ್ಬೊಬ್ಬ ರೈತನ ಗುಣವಲ್ಲ. ಹಾಗಾಗಿ ಎಣಿಕೆಯ ಘಟಕ ಉಪಕಾಲುವೆಯೇ ಆಗಬೇಕು. ಒಟ್ಟು 17 ಇರುವಲ್ಲಿ ಅದೇ ಸೂತ್ರಕ್ಕೆ ಚಿಕ್ಕ ಸಮೂಹದ ತಿದ್ದುಪಡಿ ಹಾಕಿದರೆ 16ಕ್ಕಿಂತ ತುಸು ಹೆಚ್ಚು ಬರುತ್ತದೆ, ಅಂದರೆ 17ನ್ನೂ ನೋಡಿ ಎಂದರ್ಥ. 384 ರೈತರನ್ನು ಒಂದೇ ಉಪಕಾಲುವೆಯಿಂದ ತಂದರೂ ಅದು 384 ಸ್ವತಂತ್ರ ಸಾಕ್ಷ್ಯಗಳಾಗುವುದಿಲ್ಲ, ಅವರೆಲ್ಲರೂ ಕುಡಿಯುವುದು ಒಂದೇ ಗೇಟಿನ ನೀರು.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಒಂದೇ ಪ್ರಕರಣದ ಪರವಾಗಿದ್ದೇನೆ ಎಂದು ತಿಳಿಯಬಾರದು. 384 ತಪ್ಪು ಎಂದ ಕೂಡಲೇ 1 ಸರಿಯಾಗಿಬಿಡುವುದಿಲ್ಲ. ನೀರು ಬರುವ ಒಂದೇ ಕಾಲುವೆಯನ್ನು ಹುಡುಕಿ ಆರಿಸಿ, ಅಲ್ಲಿ ಕಂಡ ಸಂಘವೇ ಕಾರಣ ಎನ್ನುವುದು ಫಲಿತಾಂಶ ನೋಡಿ ಪ್ರಶ್ನೆಪತ್ರಿಕೆ ಬರೆದ ಹಾಗೆ. ನೀರು ಬಾರದ ಉಳಿದ ಹದಿನಾರರಲ್ಲಿಯೂ ಅಂಥದೇ ಸಂಘ, ಅಂಥದೇ ನೀರಗಂಟಿ ಇದ್ದರೆ ಏನು ಮಾಡುವಿರಿ?

ಜೀನ್ಸ್ ಘಟಕದ ವಿದ್ಯಾರ್ಥಿ (ಬಳ್ಳಾರಿ)

ನನ್ನದೂ ಇದೇ ಸಮಸ್ಯೆ, ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ಎಂ.ಬಿ.ಎ. ಯೋಜನಾ ವರದಿಗಾಗಿ ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ 120 ಕಾರ್ಮಿಕರಿಗೆ ಪ್ರಶ್ನಾವಳಿ ಕೊಟ್ಟಿದ್ದೇನೆ. ಹಾಗಾದರೆ ನನ್ನ ಮಾದರಿ 120 ಆಯಿತಲ್ಲವೇ? ನನ್ನದು ಏಕ ಪ್ರಕರಣ ಅಧ್ಯಯನವೆಂದು ಗೈಡ್ ಹೇಳುತ್ತಾರೆ. ಘಟಕ ನಮ್ಮ ಸೋದರಮಾವನದು, ಬೇರೆಡೆ ಒಳಗೆ ಬಿಡುವುದಿಲ್ಲ.

ಹಳೆಯ ಮಾರ್ಗದರ್ಶಕ (ರಾಯಚೂರು)

ನಿವೃತ್ತಿಯಾಗಿ ವರ್ಷಗಳಾದರೂ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಬಳ್ಳಾರಿಯ ವಿದ್ಯಾರ್ಥಿಗೆ ಮೊದಲು ಉತ್ತರಿಸಿ ಮುಂದೆ ಹೋಗುತ್ತೇನೆ. ಆ ಘಟಕದೊಳಗಿನ ಕಾರ್ಮಿಕರ ಬಗ್ಗೆ ಮಾತನಾಡುವಾಗ ನಿಮಗೆ 120 ಸಾಕ್ಷ್ಯಗಳಿವೆ. ಬಳ್ಳಾರಿಯ ಜೀನ್ಸ್ ಘಟಕಗಳ ಬಗ್ಗೆ ಮಾತನಾಡುವಾಗ ನಿಮ್ಮಲ್ಲಿರುವುದು ಒಂದೇ ಒಂದು. ಗೈಡ್ ಹೇಳುವುದೂ ಸರಿ, ನೀವು ಹೇಳುವುದೂ ಸರಿ, ಯಾವ ವಾಕ್ಯಕ್ಕೆ ಯಾವ ಸಂಖ್ಯೆ ಎಂಬುದನ್ನು ಮಾತ್ರ ಬೆರೆಸಬೇಡಿ. ಸೋದರಮಾವನ ಘಟಕವೆಂಬುದನ್ನು ಮುಚ್ಚಿಡದೆ ಬರೆಯಿರಿ. ಅದು ಪ್ರವೇಶ ಸಿಕ್ಕಿದ ಬಗೆ, ಪ್ರಕರಣವನ್ನು ಆರಿಸಿದ ಕಾರಣವಲ್ಲ. ಕಾರಣ ಬೇರೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯುವುದು ಲೇಸು.

ಇನ್ನು ಮಾನ್ವಿಯ ತಂಗಿಯ ವಿಷಯ. ನೀವು ಬರೆದ ಎರಡು ವಾಕ್ಯಗಳಲ್ಲಿ ಮೊದಲನೆಯದು ಕ್ಷಮಾಪಣೆ, ಎರಡನೆಯದು ಯಾವ ಪ್ರಬಂಧಕ್ಕೂ ಅಂಟಿಸಬಹುದಾದ ಚೀಟಿ. "ಸಮಯವಿಲ್ಲದ ಕಾರಣ ಒಂದನ್ನು ಆರಿಸಿದೆ" ಎಂದರೆ ಸಮಯವಿದ್ದಿದ್ದರೆ ಹತ್ತು ಆರಿಸುತ್ತಿದ್ದಿರಿ ಎಂದು, ಅಂದರೆ ಒಂದು ಎಂಬುದು ಹತ್ತಕ್ಕಿಂತ ಕೀಳು ಎಂದು ನೀವೇ ಒಪ್ಪಿಕೊಂಡಂತೆ. ಆಗ ಪರೀಕ್ಷಕರು ಕೆಳಗಿಳಿಯುವುದಾದರೂ ಏಕೆ?

ಕೊಪ್ಪಳದ ಮಿತ್ರರ ಸಲಹೆಯಲ್ಲಿ ಅರ್ಧ ಸತ್ಯವಿದೆ. ಒಂದು ಪ್ರಕರಣದಿಂದ ಶೇಕಡಾವಾರು ಹೇಳಲಾಗದು ಎಂಬುದು ನಿಜ. ಆದರೆ "ಸಾಮಾನ್ಯೀಕರಣ ನನ್ನ ಉದ್ದೇಶವಲ್ಲ" ಎಂದು ಮೂರನೇ ಅಧ್ಯಾಯದಲ್ಲಿ ಬರೆದು, ಕೊನೆಯ ಅಧ್ಯಾಯದಲ್ಲಿ "ಸರ್ಕಾರವು ಎಲ್ಲ ಕಾಲುವೆಗಳಲ್ಲಿ ಈ ಮಾದರಿಯನ್ನು ಜಾರಿಗೊಳಿಸಬೇಕು" ಎಂದು ಶಿಫಾರಸು ಮಾಡಿದ ಎಷ್ಟು ಪ್ರಬಂಧಗಳನ್ನು ನಾನು ಓದಿದ್ದೇನೋ ಲೆಕ್ಕವಿಲ್ಲ. ಒಂದು ಪ್ರಕರಣವೂ ಹೊರಗಿನದಕ್ಕೆ ಏನನ್ನೋ ಹೇಳುತ್ತದೆ. ಅದು ಹೇಳುವುದು ಜನಸಮೂಹದ ಬಗ್ಗೆ ಅಲ್ಲ, ಒಂದು ಸಿದ್ಧಾಂತದ ಬಗ್ಗೆ. ರಾಬರ್ಟ್ ಯಿನ್ ತಮ್ಮ ಪ್ರಕರಣ ಅಧ್ಯಯನದ ಪುಸ್ತಕದಲ್ಲಿ 1984ರಿಂದಲೂ ಒತ್ತಿ ಹೇಳುತ್ತ ಬಂದದ್ದು ಇದನ್ನೇ.

ಇದಕ್ಕೆ ನಾನು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಉದಾಹರಣೆ ಒಂದಿದೆ. 1911ರಲ್ಲಿ ರಾಬರ್ಟ್ ಮಿಷೆಲ್ಸ್ ಜರ್ಮನಿಯ ಸಮಾಜವಾದಿ ಪಕ್ಷವನ್ನು ಮುಖ್ಯವಾಗಿ ಇಟ್ಟುಕೊಂಡು, ಯಾವ ಸಂಘಟನೆಯೂ ಕೊನೆಗೆ ಕೆಲವೇ ಜನರ ಕೈಗೆ ಸೇರುತ್ತದೆ ಎಂದು ವಾದಿಸಿದರು. ಆ ಪಕ್ಷವನ್ನೇ ಹಿಡಿದದ್ದರ ಬಲ ಎಲ್ಲಿದೆಯೆಂದರೆ, ಸಮಾನತೆಯನ್ನೇ ಧ್ಯೇಯವಾಗಿಸಿಕೊಂಡ ಪಕ್ಷದಲ್ಲಿಯೂ ಹೀಗಾಗುವುದಾದರೆ ಬೇರೆಡೆ ಆಗದಿರುವುದು ಕಷ್ಟ ಎಂಬಲ್ಲಿ. ಮುಂದೆ 1956ರಲ್ಲಿ ಲಿಪ್ಸೆಟ್, ಟ್ರೋ ಮತ್ತು ಕೋಲ್ಮನ್ ಅಮೆರಿಕದ ಅಚ್ಚುಮೊಳೆ ಜೋಡಿಸುವವರ ಒಂದೇ ಒಂದು ಸಂಘವನ್ನು ಅಧ್ಯಯನ ಮಾಡಿದರು. ಅಲ್ಲಿ ಎರಡು ಪಕ್ಷಗಳು ಚುನಾವಣೆಯಲ್ಲಿ ಒಂದನ್ನೊಂದು ಸೋಲಿಸುತ್ತ ಅಧಿಕಾರ ಬದಲಾಗುತ್ತಲೇ ಇತ್ತು. ಮಿಷೆಲ್ಸ್ ನಿಯಮಕ್ಕೆ ಹೊಂದದ ಪ್ರಕರಣವೆಂದೇ ಅದನ್ನು ಆರಿಸಿದರು. ಸಂಘ ಒಂದೇ ಆದರೂ ಅದರೊಳಗೆ ನೂರಾರು ಸದಸ್ಯರನ್ನು ಮಾದರಿ ಸಮೀಕ್ಷೆಯ ಮೂಲಕ ಸಂದರ್ಶಿಸಿದರು ಎಂಬುದನ್ನು ಮೇಷ್ಟ್ರು ಗಮನಿಸಬೇಕು. ಒಂದು ಪ್ರಕರಣವೆಂದರೆ ಒಂದು ಸಾಕ್ಷ್ಯ ಎಂದರ್ಥವಲ್ಲ.

ಹಾಗಾಗಿ ತಂಗಿ, ನೀವು ಮೊದಲು ಬರೆಯಬೇಕಾದ ವಾಕ್ಯ "ನಾನು ಒಂದನ್ನು ಏಕೆ ಆರಿಸಿದೆ" ಎಂಬುದಲ್ಲ. "ಯಾವ ಮಾತನ್ನು ಈ ಪ್ರಕರಣ ಪರೀಕ್ಷೆಗೆ ಒಡ್ಡುತ್ತದೆ" ಎಂಬುದು. ಅದನ್ನು ಒಂದು ವಾಕ್ಯದಲ್ಲಿ ಬರೆದು ಇಲ್ಲಿ ಹಾಕಿ, ನೋಡೋಣ.

ಕೊನೆಭಾಗದವಳು (ಮಾನ್ವಿ)

ಸರ್, ಪ್ರಯತ್ನಿಸಿದ್ದೇನೆ: "ಮೇಲ್ಭಾಗದವರಿಗೆ ನೀರು ಬಿಟ್ಟುಕೊಡಲು ಯಾವ ಲಾಭವೂ ಇಲ್ಲದಿರುವುದರಿಂದ, ಇಲಾಖೆಯ ಬಲವಂತವಿಲ್ಲದೆ ಕೊನೆಭಾಗಕ್ಕೆ ನೀರು ತಲುಪಲಾರದು ಎಂಬ ವಾದಕ್ಕೆ ಈ ಉಪಕಾಲುವೆ ಹೊಂದದ ಪ್ರಕರಣವಾಗಿದೆ."

ಹಳೆಯ ಮಾರ್ಗದರ್ಶಕ (ರಾಯಚೂರು)

ಚೆನ್ನಾಗಿದೆ. ಆದರೆ ಇಲ್ಲೊಂದು ಗುಂಡಿಯಿದೆ, ಬೀಳುವ ಮೊದಲೇ ತೋರಿಸುತ್ತೇನೆ. ರಾಬರ್ಟ್ ವೇಡ್ ನಮ್ಮ ಪಕ್ಕದ ಕರ್ನೂಲು ಜಿಲ್ಲೆಯ ಕಾಲುವೆ ಹಳ್ಳಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪುಸ್ತಕ ಪ್ರಕಟಿಸಿದರು. ಕಾಲುವೆಯ ಕೊನೆಯತ್ತ ಹೋದಂತೆ ನೀರಿನ ಅಪಾಯ ಹೆಚ್ಚುವುದರಿಂದ ಅಲ್ಲಿನ ಹಳ್ಳಿಗಳೇ ಹೆಚ್ಚು ಸಂಘಟಿತವಾಗಿ, ಊರಿನಿಂದಲೇ ನೀರಗಂಟಿಗಳನ್ನು ನೇಮಿಸಿಕೊಳ್ಳುತ್ತವೆ ಎಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಆ ವಾದದ ಎದುರು ನಿಲ್ಲಿಸಿದರೆ ನಿಮ್ಮ ಕಾಲುವೆ ಹೊಂದದ ಪ್ರಕರಣವೇ ಅಲ್ಲ, ನಿರೀಕ್ಷಿಸಿದ್ದೇ ಆಗಿದೆ. ಯಾವ ಪ್ರಕರಣವೂ ತಾನೇ ತಾನಾಗಿ ಅಪರೂಪವಾಗಿರುವುದಿಲ್ಲ, ಒಂದು ಸಿದ್ಧಾಂತದ ಎದುರಿಗೆ ಮಾತ್ರ ಹಾಗೆ ಕಾಣುತ್ತದೆ. ಆ ಭಾಗದ ವಿಷಯ ಬಲ್ಲ ಪರೀಕ್ಷಕರು ಬಂದರೆ ಮೊದಲ ಪ್ರಶ್ನೆಯೇ ಇದಾಗಬಹುದು.

ನಿಮಗೆ ದಾರಿ ಇಲ್ಲದಿಲ್ಲ. ವೇಡ್ ಹೇಳುವುದು ಒಂದು ಹಳ್ಳಿಯೊಳಗೆ, ಒಂದೇ ಅಪಾಯವನ್ನು ಎದುರಿಸುವ ಜನ ಒಗ್ಗೂಡುವುದನ್ನು. ನಿಮ್ಮಲ್ಲಿ ಅಪಾಯವೇ ಇಲ್ಲದ ಮೇಲಿನ ಹಳ್ಳಿಗಳು ಕೆಳಗಿನ ಹಳ್ಳಿಗಳಿಗಾಗಿ ತೂಬು ಮುಚ್ಚುತ್ತಿವೆ, ಮೇಲಾಗಿ ಹಣವನ್ನೂ ಕೊಡುತ್ತಿವೆ. ವೇಡ್ ವಾದ ಅದನ್ನು ವಿವರಿಸುವುದಿಲ್ಲ. ನಿಮ್ಮ ವಾಕ್ಯದಲ್ಲಿ ಈ ಗೆರೆಯನ್ನು ಎಳೆಯಿರಿ.

ಕಾರಟಗಿ ರೈತ

ನಾನು ಓದಿದ್ದು ಪಿ.ಯು.ಸಿ.ವರೆಗೆ ಮಾತ್ರ, ಆದರೆ ಕಾಲುವೆಯ ಮೇಲೆ ಮೂವತ್ತು ವರ್ಷ ಕಳೆದಿದ್ದೇನೆ. ಮೇಲ್ಭಾಗದವರೆಂದರೆ ಕಳ್ಳರೆಂಬಂತೆ ಬರೆಯುವುದಕ್ಕೆ ನನ್ನ ಆಕ್ಷೇಪವಿದೆ, ಅದು ಹಾಗಿರಲಿ. ತಂಗಿ ಒಂದು ವಿಷಯ ನೋಡಿರಬೇಕು, ನೋಡಿಲ್ಲದಿದ್ದರೆ ನೋಡಲಿ. ನಮ್ಮ ಗದ್ದೆಗಳ ಬಸಿ ನೀರೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಕೆಳಗಿನವರು ಆ ಹಳ್ಳಕ್ಕೆ ಪಂಪ್ ಇಟ್ಟು ಎತ್ತಿಕೊಳ್ಳುತ್ತಾರೆ. ಎಷ್ಟೋ ಕಡೆ ಕೊನೆಭಾಗದಲ್ಲಿ ಬೆಳೆ ಹಸಿರಾಗಿದ್ದರೆ ಅದು ಕಾಲುವೆಯ ನೀರಲ್ಲ, ಹಳ್ಳದ ನೀರು. ಕೆಳಗಿನವರು ಹಳ್ಳದಿಂದ ಎತ್ತಿಕೊಳ್ಳುವಲ್ಲಿ ಜಗಳವೂ ಕಡಿಮೆ ಇರುತ್ತದೆ. ಸಂಘದಿಂದ ಶಾಂತಿ ಬಂತೋ, ಹಳ್ಳದಿಂದ ಬಂತೋ?

ಅಂಕಿಸಂಖ್ಯೆ ಮೇಷ್ಟ್ರು (ಬಳ್ಳಾರಿ)

ರೈತರು ಒಂದೇ ಏಟಿಗೆ ನನ್ನ ಇಡೀ ಆಕ್ಷೇಪವನ್ನು ಹೇಳಿಬಿಟ್ಟರು. ದೊಡ್ಡ ಮಾದರಿಯಿದ್ದರೆ ಹಳ್ಳವಿರುವ ಕಾಲುವೆ, ಹಳ್ಳವಿಲ್ಲದ ಕಾಲುವೆ ಎಂದು ಬೇರ್ಪಡಿಸಿ ನೋಡಬಹುದಿತ್ತು. ಒಂದೇ ಪ್ರಕರಣದಲ್ಲಿ ಸಂಘವೂ ಇದೆ, ಹಳ್ಳವೂ ಇದೆ, ಎರಡನ್ನು ಬಿಡಿಸುವುದು ಹೇಗೆ?

ಕೊನೆಭಾಗದವಳು (ಮಾನ್ವಿ)

ಅಣ್ಣಾ, ಒಪ್ಪಿಕೊಳ್ಳುತ್ತೇನೆ: ಹಳ್ಳವಿದೆ, ಪಂಪ್‌ಗಳೂ ಇವೆ. ನನ್ನ ಟಿಪ್ಪಣಿಗಳಲ್ಲಿ ಅವು ಅಲ್ಲಲ್ಲಿ ಬರುತ್ತವೆ, ಆದರೆ ಪರ್ಯಾಯ ಕಾರಣವೆಂದು ಅವನ್ನು ನಾನು ನೋಡಿರಲಿಲ್ಲ. ನಿನ್ನೆ ರಾತ್ರಿ ಕುಳಿತು ಮತ್ತೆ ಓದಿದೆ. ಹಳ್ಳ ಹರಿಯುವುದು ಕೊನೆಯ ಐದು ತೂಬುಗಳ ಪೈಕಿ ಎರಡರ ಪಕ್ಕದಲ್ಲಿ ಮಾತ್ರ. ಉಳಿದ ಮೂರು ಏರಿನ ಮೇಲಿವೆ, ಅಲ್ಲಿಗೆ ಪಂಪ್ ಪೈಪು ಹೋಗಿಲ್ಲ. ಅದಲ್ಲದೆ ನಾನು ಅಳೆದದ್ದು ಬೆಳೆಯ ಹಸಿರನ್ನಲ್ಲ. ತೂಬಿನ ಬಾಯಿಯಲ್ಲಿ ನೀರು ಬಂದ ದಿನಗಳನ್ನು ಬರೆದುಕೊಂಡಿದ್ದೇನೆ.

ಹಳೆಯ ಮಾರ್ಗದರ್ಶಕ (ರಾಯಚೂರು)

ಮೇಷ್ಟ್ರ ಪ್ರಶ್ನೆಗೆ ಉತ್ತರ ಇಲ್ಲಿಯೇ ಹುಟ್ಟುತ್ತಿದೆ. ಪ್ರಕರಣ ಒಂದೇ ಇದ್ದಾಗ ನಾವು ಕಾಲುವೆಗಳನ್ನು ಹೋಲಿಸುವುದಿಲ್ಲ, ವಿವರಣೆಗಳನ್ನು ಹೋಲಿಸುತ್ತೇವೆ. ಪ್ರತಿಯೊಂದು ವಿವರಣೆಯೂ ನಿಜವಾಗಿದ್ದರೆ ಕಾಲುವೆಯ ಮೇಲೆ ಯಾವ ಗುರುತು ಕಾಣಬೇಕು ಎಂದು ಮೊದಲೇ ಬರೆದಿಟ್ಟು, ಆಮೇಲೆ ಅದನ್ನು ಹುಡುಕುತ್ತೇವೆ. ಹಳ್ಳವೇ ಕಾರಣವಾಗಿದ್ದರೆ ಹಳ್ಳದ ಪಕ್ಕದ ಎರಡು ತೂಬುಗಳಿಗೂ ಏರಿನ ಮೂರು ತೂಬುಗಳಿಗೂ ದೊಡ್ಡ ವ್ಯತ್ಯಾಸ ಕಾಣಬೇಕಿತ್ತು. ಕಾಣದಿದ್ದರೆ ಆ ವಿವರಣೆ ಅಲ್ಲಿಗೆ ಬಿದ್ದಂತೆ.

ಎಲ್ಲ ಸಾಕ್ಷ್ಯಗಳಿಗೂ ಒಂದೇ ತೂಕವಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಸಂಘದ ನಡಾವಳಿ ಪುಸ್ತಕದಲ್ಲಿ "ನಾಲ್ಕು ರಾತ್ರಿ ತೂಬು ಮುಚ್ಚುವುದು" ಎಂಬ ಠರಾವು ಇರಲೇಬೇಕು, ಇಲ್ಲದಿದ್ದರೆ ನಿಮ್ಮ ವಾದ ಉಳಿಯುವುದು ಕಷ್ಟ. ಆದರೆ ಠರಾವು ಇದ್ದ ಮಾತ್ರಕ್ಕೆ ನೀವು ಗೆದ್ದಂತಲ್ಲ, ಜಾರಿಯಾಗದ ಠರಾವುಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದಕ್ಕೆ ವಿರುದ್ಧವಾಗಿ, ಮುಚ್ಚಿದ ರಾತ್ರಿಯ ಮರುದಿನವೇ ಗೇಜ್ ಪುಸ್ತಕದಲ್ಲಿ ಕೊನೆಭಾಗದ ಮಟ್ಟ ಏರಿದ್ದು, ಅದೇ ದಿನ ಉಪಕಾಲುವೆಯ ತಲೆಯಲ್ಲಿ ಇಲಾಖೆ ಬಿಟ್ಟ ನೀರು ಏರದೇ ಇದ್ದದ್ದು, ಈ ಎರಡೂ ಒಟ್ಟಿಗೆ ಹಲವು ಸರದಿಗಳಲ್ಲಿ ಸಿಕ್ಕರೆ ಅದು ಬಲವಾದ ಸಾಕ್ಷ್ಯ. ಸಿಗದಿದ್ದರೂ ವಾದ ಸಾಯುವುದಿಲ್ಲ, ಗೇಜ್ ಓದುವವರು ಆ ದಿನ ಬಂದಿಲ್ಲದಿರಬಹುದು. ಯಾವ ಸಾಕ್ಷ್ಯ ಯಾವ ಬಗೆಯದು ಎಂಬುದನ್ನು ವಿಧಾನದ ಅಧ್ಯಾಯದಲ್ಲಿಯೇ ಹೇಳಿಬಿಡಿ. ಸಿಕ್ಕ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಮತ್ತೊಂದು ಪ್ರಶ್ನೆ. ನಿಮ್ಮ ಹದಿನಾಲ್ಕು ತಿಂಗಳಲ್ಲಿ ಈ ವ್ಯವಸ್ಥೆ ಮುರಿದ ಸಂದರ್ಭ ಇದೆಯೇ?

ಕೊನೆಭಾಗದವಳು (ಮಾನ್ವಿ)

ನನ್ನ ಅವಧಿಯಲ್ಲಿ ಇಲ್ಲ ಸರ್, ಆದರೆ ಅದಕ್ಕೂ ಹಿಂದಿನದೊಂದು ದಾಖಲೆಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಆಗ ಜಲಾಶಯದ ನೀರೆಲ್ಲ ಹೊಳೆಗೆ ಹೋಗುತ್ತದೆ ಎಂಬ ಭಯ ಎಲ್ಲೆಡೆ ಹಬ್ಬಿತ್ತು. ಆ ಸರದಿಯಲ್ಲಿ ಮೇಲ್ಭಾಗದವರು ತೂಬು ಮುಚ್ಚಲು ಬಿಡಲಿಲ್ಲ, ನೀರಗಂಟಿಯನ್ನು ವಾಪಸು ಕಳುಹಿಸಿದರು ಎಂದು ನಡಾವಳಿಯಲ್ಲಿ ಬರೆದಿದೆ. ಮುಂದಿನ ಸರದಿಯಿಂದ ಮತ್ತೆ ಮುಚ್ಚಿದ್ದಾರೆ. ಇದು ನನ್ನ ವಾದಕ್ಕೆ ವಿರುದ್ಧ ಹೋಗುತ್ತದೆ ಎಂದು ಆ ಭಾಗವನ್ನು ಅನುಬಂಧಕ್ಕೆ ಸರಿಸಿದ್ದೆ.

ಹಳೆಯ ಮಾರ್ಗದರ್ಶಕ (ರಾಯಚೂರು)

ಅಯ್ಯೋ, ಅದನ್ನು ಅನುಬಂಧದಿಂದ ಮೊದಲು ಎಳೆದು ತನ್ನಿ! ನಿಮ್ಮ ಇಡೀ ಸಮರ್ಥನೆಯ ಕೀಲು ಅದೇ. ಅದೇ ಕಾಲುವೆ, ಅದೇ ಹಳ್ಳ, ಅದೇ ಮಣ್ಣು, ಅದೇ ಮುಖಂಡರು. ಬದಲಾದದ್ದು ತೂಬು ಮುಚ್ಚಿದ್ದು ಮತ್ತು ಮುಚ್ಚದಿದ್ದದ್ದು. ಆ ಸರದಿಯಲ್ಲಿ ಏರಿನ ಮೂರು ತೂಬುಗಳಿಗೆ ನೀರು ಬಾರದೆ, ಮುಂದಿನ ಸರದಿಯಲ್ಲಿ ಬಂದಿದ್ದರೆ, ಮೇಷ್ಟ್ರು ಕೇಳಿದ ಹೋಲಿಕೆ ಪ್ರಕರಣದೊಳಗೇ ಸಿಕ್ಕಂತಾಯಿತು.

ಅಂಕಿಸಂಖ್ಯೆ ಮೇಷ್ಟ್ರು (ಬಳ್ಳಾರಿ)

ಪೂರ್ತಿ ಅಲ್ಲ ಸರ್. ಆ ಸರದಿಯಲ್ಲಿ ಮುಖ್ಯ ಕಾಲುವೆಯ ನೀರೇ ಹೆಚ್ಚು ಕಡಿಮೆ ಆಗಿದ್ದರೆ ಬದಲಾದದ್ದು ಒಂದಲ್ಲ, ಎರಡು. ಉಪಕಾಲುವೆಯ ತಲೆಯಲ್ಲಿನ ಗೇಜ್ ಓದು ಎರಡೂ ಸರದಿಗಳಲ್ಲಿ ಹೆಚ್ಚು ಕಡಿಮೆ ಸಮವಾಗಿತ್ತು ಎಂದು ತೋರಿಸಿದರೆ ಮಾತ್ರ ನಾನು ಒಪ್ಪುವೆ. ಅದು ಸಮವಾಗಿಲ್ಲದಿದ್ದರೆ ಈ ಹೋಲಿಕೆಯನ್ನು ಬಿಡುವುದೇ ಸರಿ.

ಅದೂ ಅಲ್ಲದೆ ಉಳಿದ 16ರ ಪೈಕಿ ಒಂದನ್ನಾದರೂ ಜೊತೆಗಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನಾಲ್ಕು ರಾತ್ರಿಯ ಠರಾವು ಕಾಗದದ ಮೇಲಿದ್ದೂ ನಡೆಯದ ಕಾಲುವೆ ಇದ್ದರೆ ಅದೇ ಸೂಕ್ತ.

ಗುಣಾತ್ಮಕ ಸಂಶೋಧಕ (ಕೊಪ್ಪಳ)

ಎರಡನೆಯದನ್ನು ಸೇರಿಸಿದರೆ ಇನ್ನೂ ಒಂದು ವರ್ಷ ಬೇಕು. ಫೆಲೋಶಿಪ್ ಮುಗಿಯುತ್ತದೆ. ಅರೆಬರೆ ನೋಡಿದ ಎರಡು ಕಾಲುವೆಗಳಿಗಿಂತ ರಾತ್ರಿ ಹಗಲು ನಡೆದಾಡಿದ ಒಂದೇ ಕಾಲುವೆ ಮೇಲು. ಸಾಮಾನ್ಯೀಕರಣದ ಬಗ್ಗೆ ನನ್ನ ಹಿಂದಿನ ಮಾತನ್ನು ಸರ್ ತಿದ್ದಿದ್ದನ್ನು ಒಪ್ಪುತ್ತೇನೆ, ಆದರೆ ಈ ವಿಷಯದಲ್ಲಿ ಬದಲಾಗುವುದಿಲ್ಲ.

ಹಳೆಯ ಮಾರ್ಗದರ್ಶಕ (ರಾಯಚೂರು)

ಈ ವಿಷಯದಲ್ಲಿ ಇಬ್ಬರಲ್ಲಿ ಯಾರು ಸರಿ ಎಂದು ನಾನು ತೀರ್ಮಾನ ಕೊಡುವುದಿಲ್ಲ. ನನ್ನ ವಿದ್ಯಾರ್ಥಿಯಾಗಿದ್ದರೆ, ಪಕ್ಕದ ಕಾಲುವೆಗೆ ಒಂದು ಮುಂಗಾರಿನಲ್ಲಿ ಹತ್ತು ದಿನ ಹೋಗಿ, ಅದನ್ನು ಎರಡನೇ ಪ್ರಕರಣವೆನ್ನದೆ ಹೋಲಿಕೆಯ ಟಿಪ್ಪಣಿ ಎಂದು ಕರೆದು ಬರೆಯಲು ಹೇಳುತ್ತಿದ್ದೆ. ಅದು ನುಣುಚಿಕೊಳ್ಳುವ ಉಪಾಯವೆಂದು ಮೇಷ್ಟ್ರು ಹೇಳಿದರೆ ನಾನು ಜಗಳವಾಡುವುದಿಲ್ಲ.

ಆಯ್ಕೆಯ ವಿಷಯದಲ್ಲಿ ಮಾತ್ರ ಒಂದು ಖಚಿತ ಮಾತು. 17ರ ಪಟ್ಟಿಯನ್ನು ಪೂರ್ತಿಯಾಗಿ ಕೋಷ್ಟಕದಲ್ಲಿ ಕೊಡಿ: ಕೊನೆಯ ತೂಬಿಗೆ ನೀರು ಬಂದ ದಿನಗಳು, ಉದ್ದ, ಅಚ್ಚುಕಟ್ಟು, ಸಂಘ ಇದೆಯೋ ಇಲ್ಲವೋ. ನಿಮ್ಮ ಕಾಲುವೆ ಎಲ್ಲಿ ನಿಲ್ಲುತ್ತದೆ ಎಂಬುದು ಓದುಗರ ಕಣ್ಣಿಗೇ ಕಾಣಬೇಕು. "ವಿಶಿಷ್ಟ ಪ್ರಕರಣ" ಎಂದು ನೀವು ಹೇಳುವುದಕ್ಕಿಂತ ಆ ಕೋಷ್ಟಕ ಹೇಳುವುದು ಹೆಚ್ಚು. ಬಹಳ ಚಿಕ್ಕ ಕಾಲುವೆಯಾಗಿದ್ದರೆ ಅದೂ ಅಲ್ಲಿಯೇ ಬಯಲಾಗುತ್ತದೆ.

ಕೊನೆಭಾಗದವಳು (ಮಾನ್ವಿ)

ಎಲ್ಲರ ಮಾತುಗಳನ್ನಿಟ್ಟುಕೊಂಡು ಹೊಸದಾಗಿ ಬರೆದಿದ್ದೇನೆ. ಹರಿದು ಹಾಕಲು ಸಂಕೋಚ ಬೇಡ.

"ಈ ಅಧ್ಯಯನ ಕೇಳುವ ಪ್ರಶ್ನೆ ಎಷ್ಟು ಕೊನೆಭಾಗಗಳಿಗೆ ನೀರು ತಲುಪುತ್ತದೆ ಎಂಬುದಲ್ಲ, ಮೇಲ್ಭಾಗದ ರೈತರು ತಮಗೆ ನೇರ ಲಾಭವಿಲ್ಲದ ಹಂಚಿಕೆಗೆ ಯಾವ ಬಗೆಯಲ್ಲಿ ಒಪ್ಪುತ್ತಾರೆ ಎಂಬುದು. ಒಂದೇ ಅಪಾಯವನ್ನು ಎದುರಿಸುವ ಹಳ್ಳಿ ಒಗ್ಗೂಡುವುದನ್ನು ಹಿಂದಿನ ಅಧ್ಯಯನಗಳು ವಿವರಿಸಿವೆ. ಅಪಾಯ ಅಸಮವಾಗಿರುವ ಹಳ್ಳಿಗಳ ನಡುವಿನ ಒಪ್ಪಂದವನ್ನು ಅವು ವಿವರಿಸುವುದಿಲ್ಲ. ಪಟ್ಟಿ ಮಾಡಿದ 17 ಉಪಕಾಲುವೆಗಳಲ್ಲಿ ಅಂಥ ಒಪ್ಪಂದವೂ, ಕೊನೆಯ ತೂಬಿಗೆ ನೀರೂ ಒಟ್ಟಿಗೆ ಕಂಡದ್ದು ಇದೊಂದರಲ್ಲಿ ಮಾತ್ರ. ಫಲಿತಾಂಶವನ್ನು ನೋಡಿಯೇ ಪ್ರಕರಣವನ್ನು ಆರಿಸಿರುವುದರಿಂದ, ಸಂಘವಿದ್ದರೆ ನೀರು ಬರುತ್ತದೆ ಎಂಬ ಸಾಮಾನ್ಯ ನಿರ್ಣಯಕ್ಕೆ ಈ ಅಧ್ಯಯನ ಆಧಾರವಾಗದು. ಇಲಾಖೆಯ ಬಲವಂತವಿಲ್ಲದೆ ಇದು ಅಸಾಧ್ಯ ಎಂಬ ವಾದವನ್ನು ಅದು ಪ್ರಶ್ನಿಸಬಲ್ಲದು, ಸಾಧ್ಯವಾದ ಬಗೆಯನ್ನು ತೋರಿಸಬಲ್ಲದು. ಹಳ್ಳದ ಬಸಿ ನೀರು, ಪ್ರಭಾವಿ ಮುಖಂಡತ್ವ ಮತ್ತು ಸಂಘದ ಒಪ್ಪಂದ ಎಂಬ ಮೂರು ವಿವರಣೆಗಳನ್ನು ತೂಬುವಾರು ನೀರಿನ ದಿನಗಳು, ಗೇಜ್ ಪುಸ್ತಕ ಮತ್ತು ನಡಾವಳಿಗಳ ಮೂಲಕ ಪರಸ್ಪರ ಎದುರಿಟ್ಟು ಪರೀಕ್ಷಿಸಲಾಗಿದೆ. 2024ರ ಆಗಸ್ಟಿನಲ್ಲಿ ಒಪ್ಪಂದ ಮುರಿದ ಸರದಿಯನ್ನು ಅದರ ಮುಂದಿನ ಸರದಿಯೊಂದಿಗೆ ಹೋಲಿಸಲಾಗಿದೆ."

ಪ್ರಶ್ನಾವಳಿಯನ್ನೂ ಬಿಟ್ಟಿಲ್ಲ. ಈ ಉಪಕಾಲುವೆಯ ಮೇಲ್ಭಾಗ, ನಡುಭಾಗ, ಕೊನೆಭಾಗ ಮೂರರಿಂದಲೂ ರೈತರನ್ನು ಚೀಟಿ ಎತ್ತಿ ಆರಿಸಿ, ನೀರಗಂಟಿಗೆ ಹಣ ಏಕೆ ಕೊಡುತ್ತಾರೆ ಎಂದು ಕೇಳುತ್ತೇನೆ. ಅದರ ಸಂಖ್ಯೆ ಈ ಕಾಲುವೆಯ ಒಳಗಿನ ಮಾತಿಗಷ್ಟೇ ಎಂದು ಬರೆಯುವೆ.

ಜೀನ್ಸ್ ಘಟಕದ ವಿದ್ಯಾರ್ಥಿ (ಬಳ್ಳಾರಿ)

ಈ ಪ್ಯಾರಾದಲ್ಲಿ ಉಪಕಾಲುವೆ ಎಂದಿರುವಲ್ಲಿ ಜೀನ್ಸ್ ಘಟಕ ಎಂದು ಹಾಕಿಕೊಂಡರೆ ನನಗೂ ನಡೆಯುತ್ತದೆಯೇ?

ಹಳೆಯ ಮಾರ್ಗದರ್ಶಕ (ರಾಯಚೂರು)

ನಡೆಯುವುದಿಲ್ಲ. ಹಾಕಿ ನೋಡಿ, ಎರಡನೇ ವಾಕ್ಯದಲ್ಲೇ ನಿಂತುಬಿಡುತ್ತೀರಿ.

ತಂಗಿ, ಪ್ಯಾರಾ ಸರಿಯಾಗಿದೆ. ಎರಡು ತಿದ್ದುಪಡಿ. "ಪರೀಕ್ಷಿಸಲಾಗಿದೆ" ಎಂದಿರುವಲ್ಲಿ, ಯಾವುದು ಕಂಡರೆ ನಿಮ್ಮ ಸ್ವಂತ ವಿವರಣೆಯನ್ನೇ ಕೈಬಿಡುತ್ತಿದ್ದಿರಿ ಎಂಬ ಒಂದು ವಾಕ್ಯ ಸೇರಿಸಿ. ಮುಖಂಡತ್ವದ ವಿವರಣೆಗೆ ಗುರುತು ಏನೆಂದು ನೀವು ಹೇಳಿಲ್ಲ. ಸಂಘದ ಅಧ್ಯಕ್ಷರು ಬದಲಾದ ವರ್ಷ ಇದ್ದರೆ ಅದರ ಹಿಂದೆ ಮುಂದೆ ನೋಡಿ.

ಕಾರಟಗಿ ರೈತ

ಮೇಲ್ಭಾಗದವರಿಗೆ ನೇರ ಲಾಭವಿಲ್ಲ ಎಂದು ಬರೆದಿದ್ದೀರಿ. ಅದನ್ನು ಮೇಲ್ಭಾಗದವರನ್ನೇ ಕೇಳಿ ಬರೆಯಿರಿ. ನಾಟಿಗೂ ಕೊಯ್ಲಿಗೂ ನಮ್ಮ ಕಡೆಗೆ ಆಳುಗಳು ಕೆಳಗಿನ ಊರುಗಳಿಂದಲೇ ಬರಬೇಕು. ನೀರು ಕೊಡದಿದ್ದರೆ ಜನ ಬಾರದೇ ಹೋಗಬಹುದು.

ಕೊನೆಭಾಗದವಳು (ಮಾನ್ವಿ)

ಅಣ್ಣಾ, ಇದು ನನ್ನ ಮೂರು ವಿವರಣೆಗಳಲ್ಲಿ ಇಲ್ಲ. ನಾಲ್ಕನೆಯದಾಗಿ ಸೇರಿಸುತ್ತೇನೆ. "ನೇರ ಲಾಭವಿಲ್ಲದ" ಎಂಬುದನ್ನು ಸದ್ಯಕ್ಕೆ "ನೀರಿನ ಲೆಕ್ಕದಲ್ಲಿ ಲಾಭವಿಲ್ಲದ" ಎಂದು ತಿದ್ದಿದ್ದೇನೆ. ಕೆಳಗಿನ ಯಾವ ಊರಿನವರು ಮೇಲಿನ ಯಾರ ಗದ್ದೆಗೆ ನಾಟಿಗೆ ಹೋಗುತ್ತಾರೆ ಎಂಬುದನ್ನು ಈ ಮುಂಗಾರಿನಲ್ಲಿ ಬರೆದುಕೊಳ್ಳಬೇಕು.

ಮೇಷ್ಟ್ರೇ, ತಲೆಯ ಗೇಜ್ ಓದುಗಳನ್ನು ನೋಡಿದೆ. 2024ರ ಆಗಸ್ಟಿನ ಆ ಸರದಿಯಲ್ಲಿ ಮೂರು ದಿನಗಳ ಕಾಲಂ ಖಾಲಿಯಿದೆ. ಉಳಿದ ದಿನಗಳ ಓದು ಮುಂದಿನ ಸರದಿಗೆ ಹತ್ತಿರವಿದೆ. ಆ ಮೂರು ದಿನಗಳನ್ನು ಬಿಟ್ಟು ಸರಾಸರಿ ತೆಗೆಯಬಹುದೇ?

ಅಂಕಿಸಂಖ್ಯೆ ಮೇಷ್ಟ್ರು (ಬಳ್ಳಾರಿ)

ಸರಾಸರಿ ತೆಗೆಯಬೇಡಿ. ಎಲ್ಲರೂ ಗಾಬರಿಯಲ್ಲಿದ್ದ ದಿನಗಳೇ ಖಾಲಿ ಬಿದ್ದಿರುವಾಗ ಆ ಖಾಲಿ ಆಕಸ್ಮಿಕವಲ್ಲ. ದಿನವಾರು ಕೋಷ್ಟಕವನ್ನೇ ಕೊಡಿ, ಮೂರು ಸಾಲು ಖಾಲಿಯಾಗಿಯೇ ಇರಲಿ. ಆ ದಿನಗಳಲ್ಲಿ ಏರಿನ ತೂಬಿನ ಬಳಿ ಇದ್ದ ಯಾರಾದರೂ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಅವರು ಹೇಳಿದ್ದನ್ನು ಪಕ್ಕದಲ್ಲಿ ಬರೆಯಿರಿ. ಎರಡನೇ ಕಾಲುವೆ ಬೇಕು ಎಂಬ ನನ್ನ ಮಾತು ಹಾಗೆಯೇ ಇದೆ.